ಲಾಗ್‌ನಲ್ಲಿ ನಾಲ್ಕು ಮೀಟರ್, ಬಿದಿರಿನ ಪಕ್ಕದಲ್ಲಿ ಎರಡೂವರೆ ಮೀಟರ್

(ಡ್ರೋನ್ ಕಟ್ಟುವ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಾನು ಇಂದು ಒಂದೇ ಒಂದು ಹಾರಾಟವನ್ನು ಮುಂದಿಟ್ಟುಕೊಂಡು ಮಾತನಾಡುತ್ತೇನೆ. ಬೆಂಗಳೂರಿನ ಹೊರವಲಯದ ಒಂದು ಮೈದಾನದಲ್ಲಿ, ಒಂದೂವರೆ ಕಿಲೋ ತೂಕದ, ಹತ್ತು ಇಂಚಿನ ನಾಲ್ಕು ಪ್ರೊಪೆಲರ್‌ಗಳ ಡ್ರೋನನ್ನು ನೆಲದಿಂದ ನಾಲ್ಕು ಮೀಟರ್ ಮೇಲಕ್ಕೆ ಏರಿಸಿ, ಎತ್ತರ ಹಿಡಿದಿಡುವ ಸ್ಥಿತಿಗೆ, ಅಂದರೆ ಆಲ್ಟಿಟ್ಯೂಡ್ ಹೋಲ್ಡ್‌ಗೆ ಹಾಕಿ ಬಿಟ್ಟಿದ್ದೆವು. ಪಕ್ಕದಲ್ಲಿ ಅರ್ಧ ಮೀಟರಿಗೊಂದು ಬಣ್ಣದ ಟೇಪು ಸುತ್ತಿದ ಬಿದಿರಿನ ಗಳವನ್ನು ನೆಟ್ಟಿದ್ದೆವು. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಡ್ರೋನ್ ಬಿದಿರಿನ ಎರಡೂವರೆ ಮೀಟರಿನ ಗುರುತಿಗೂ ಸ್ವಲ್ಪ ಕೆಳಗೆ ಇಳಿದಿತ್ತು. ಆ ಬಳಿಕ ಲಾಗ್ ತೆರೆದು ನೋಡಿದರೆ, ಗಾಳಿಯ ಒತ್ತಡ ಅಳೆದು ಬ್ಯಾರೋಮೀಟರ್ ಹೇಳುವ ಎತ್ತರ ಉದ್ದಕ್ಕೂ ನಾಲ್ಕು ಮೀಟರಿನಲ್ಲೇ, ಗೆರೆ ಎಳೆದಂತೆ ನಿಂತಿತ್ತು.

ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಡ್ರೋನನ್ನು ನಡೆಸುವ ಬೋರ್ಡಾದ ಫ್ಲೈಟ್ ಕಂಟ್ರೋಲರ್ ಹಿಡಿದಿಡುವುದು ಬ್ಯಾರೋಮೀಟರಿನ ಅಂಕಿಯನ್ನೇ ಹೊರತು ಎತ್ತರವನ್ನಲ್ಲ. ಆ ಅಂಕಿ ನಿಧಾನವಾಗಿ ಸುಳ್ಳು ಹೇಳತೊಡಗಿದರೆ, ಕಂಟ್ರೋಲರ್ ಅದನ್ನು ಸರಿಪಡಿಸಲು ಇಡೀ ಡ್ರೋನನ್ನೇ ಸರಿಸುತ್ತದೆ. ಹೀಗಾಗಿ ಎತ್ತರ ಹಿಡಿದಿಟ್ಟ ಹಾರಾಟದ ಲಾಗ್‌ನಲ್ಲಿ ಬ್ಯಾರೋಮೀಟರಿನ ಇಂತಹ ನಿಧಾನದ ತಪ್ಪು ಎಂದಿಗೂ ಬ್ಯಾರೋಮೀಟರಿನ ಗೆರೆಯಲ್ಲಿ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಒತ್ತಡಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಅಳತೆ ಬೇಕು. ಮೊದಲ ದಿನ ನಮಗೆ ಬಿದಿರು ಆ ಕೆಲಸ ಮಾಡಿತು. ಆಮೇಲೆ ಬೆಳಕಿನಿಂದ ದೂರ ಅಳೆಯುವ ಒಂದು ಸಣ್ಣ ಲೈಡಾರನ್ನು ಕೆಳಮುಖವಾಗಿ ಕಟ್ಟಿದೆವು. ಬಿದಿರನ್ನು ಬಳಸುವವರು ಮೊಬೈಲನ್ನು ಹದಿನೈದಿಪ್ಪತ್ತು ಮೀಟರ್ ದೂರದಲ್ಲಿಟ್ಟು ಚಿತ್ರೀಕರಿಸಬೇಕು, ಹತ್ತಿರದಿಂದ ಓರೆಯಾಗಿ ನೋಡಿದರೆ ಅಳತೆಯೇ ತಪ್ಪುತ್ತದೆ.

ಎಷ್ಟು ಸಣ್ಣ ಒತ್ತಡದ ಮಾತು ಇದು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳೋಣ. ಎತ್ತರದ ವ್ಯತ್ಯಾಸವು ಒತ್ತಡದ ವ್ಯತ್ಯಾಸವನ್ನು ಗಾಳಿಯ ಸಾಂದ್ರತೆ ಮತ್ತು ಗುರುತ್ವದಿಂದ ಭಾಗಿಸಿದಾಗ ಸಿಗುತ್ತದೆ:

```
Δh = Δp / (ρ · g)
```

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪ್ಯಾಸ್ಕಲ್, ಅಂದರೆ 91,000 ಪ್ಯಾಸ್ಕಲ್. ಹಗಲಿನ ಸಾಮಾನ್ಯ ಬಿಸಿಲಿನಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.06 ಕಿಲೋ ಇರುವುದರಿಂದ, ಇಲ್ಲಿ ಒಂದು ಪ್ಯಾಸ್ಕಲ್ ಎಂದರೆ ಸುಮಾರು 9.6 ಸೆಂಟಿಮೀಟರ್ ಎತ್ತರ. ಮಂಗಳೂರಿನ ಕಡಲತೀರದಲ್ಲಿ ಗಾಳಿ ಹೆಚ್ಚು ದಟ್ಟವಾಗಿರುವುದರಿಂದ ಅದೇ ಪ್ಯಾಸ್ಕಲ್ ಸುಮಾರು 8.7 ಸೆಂಟಿಮೀಟರಿಗೆ ಸಮ. ತೊಂಬತ್ತೊಂದು ಸಾವಿರದಲ್ಲಿ ಹತ್ತು ಪ್ಯಾಸ್ಕಲ್ ಆಚೀಚೆಯಾದರೆ ಡ್ರೋನ್ ಹತ್ತಿರ ಹತ್ತಿರ ಒಂದು ಮೀಟರ್ ಸರಿಯುತ್ತದೆ.

ಇನ್ನು ಪ್ರೊಪೆಲರ್ ಏನು ಮಾಡುತ್ತದೆ ನೋಡೋಣ. ನಮ್ಮ ಡ್ರೋನಿನ ಭಾರ 14.7 ನ್ಯೂಟನ್. ಹತ್ತು ಇಂಚಿನ ಪ್ರೊಪೆಲರ್ ತಿರುಗುವ ವೃತ್ತದ ವಿಸ್ತೀರ್ಣ 0.0507 ಚದರ ಮೀಟರ್, ನಾಲ್ಕಕ್ಕೂ ಸೇರಿ 0.203. ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದರೆ 72 ಪ್ಯಾಸ್ಕಲ್ ಸಿಗುತ್ತದೆ. ನಿಂತಲ್ಲೇ ಹಾರುತ್ತಿರುವಾಗ ಪ್ರೊಪೆಲರಿನ ಮೇಲ್ಮೈಗೂ ಕೆಳಮೈಗೂ ನಡುವೆ ಇರುವ ಒತ್ತಡದ ವ್ಯತ್ಯಾಸವೇ ಇದು. ಸರಳ ಸಿದ್ಧಾಂತದ ಪ್ರಕಾರ ಇದರಲ್ಲಿ ಕಾಲು ಭಾಗ ಪ್ರೊಪೆಲರಿನ ಮೇಲೆ ಹೀರಿಕೆಯಾಗಿಯೂ, ಮುಕ್ಕಾಲು ಭಾಗ ಕೆಳಗೆ ಹೆಚ್ಚುವರಿ ಒತ್ತಡವಾಗಿಯೂ ಹಂಚಿಹೋಗುತ್ತದೆ. ಅಂದರೆ ತಿರುಗುತ್ತಿರುವ ರೆಕ್ಕೆಯ ನೇರ ಕೆಳಗೆ 54 ಪ್ಯಾಸ್ಕಲ್ ಹೆಚ್ಚು; ಅಲ್ಲಿ ಬ್ಯಾರೋಮೀಟರ್ ಇಟ್ಟರೆ ಡ್ರೋನ್ ಐದು ಮೀಟರ್ ಕೆಳಗಿದೆ ಎಂದು ಅದು ಹೇಳುತ್ತದೆ. ಮೇಲೆ ಇಟ್ಟರೆ ಒಂದು ಮುಕ್ಕಾಲು ಮೀಟರ್ ಹೆಚ್ಚಾಗಿ ಹೇಳುತ್ತದೆ. ಇನ್ನೂ ಕೆಳಕ್ಕೆ ಹೋದಂತೆ ಆ ಗಾಳಿ ಸೆಕೆಂಡಿಗೆ ಹನ್ನೊಂದು, ಹನ್ನೆರಡು ಮೀಟರ್ ವೇಗ ಪಡೆಯುತ್ತದೆ, ಮತ್ತು ಅದು ಯಾವುದಾದರೂ ತೂತಿಗೆ ನೇರವಾಗಿ ಬಡಿದರೆ ಅದರ ಹೊಡೆತವೂ ಅದೇ 72 ಪ್ಯಾಸ್ಕಲ್.

ಫ್ಲೈಟ್ ಕಂಟ್ರೋಲರ್ ಇರುವುದು ಸಾಮಾನ್ಯವಾಗಿ ನಾಲ್ಕೂ ವೃತ್ತಗಳ ನಡುವಿನ ಖಾಲಿ ಜಾಗದಲ್ಲಿ. ಆದ್ದರಿಂದ ಈ 72ರಲ್ಲಿ ಹತ್ತನೆಯ ಒಂದು ಭಾಗವೋ ಐದನೆಯ ಒಂದು ಭಾಗವೋ ಅದಕ್ಕೆ ತಟ್ಟುತ್ತದೆ. ಅಷ್ಟೇ ಸಾಕು, ಎತ್ತರ ಒಂದು ಮೀಟರಿನಷ್ಟು ತಪ್ಪಲು. ನೆಲದ ಹತ್ತಿರ ಪರಿಸ್ಥಿತಿ ಇನ್ನೂ ಕೆಡುತ್ತದೆ. ಕೆಳಗೆ ಬಿದ್ದ ಗಾಳಿ ಹೊರಕ್ಕೆ ಹರಿಯುವ ಮೊದಲು ಡ್ರೋನಿನ ಹೊಟ್ಟೆಗೂ ನೆಲಕ್ಕೂ ನಡುವೆ ಒತ್ತಿಕೊಂಡು ಒಂದು ಮೆತ್ತೆಯಂತೆ ನಿಲ್ಲುತ್ತದೆ. ನಮ್ಮ ಲಾಗ್‌ನಲ್ಲಿ, ಥ್ರಾಟಲ್ ಏರಿಸಿದ ಅರ್ಧ ಸೆಕೆಂಡಿನೊಳಗೆ, ಡ್ರೋನಿನ ಕಾಲು ಇನ್ನೂ ನೆಲ ಬಿಡುವ ಮೊದಲೇ, `BARO` ಸಂದೇಶದ `Alt` ಸೊನ್ನೆಯಿಂದ −1.4 ಮೀಟರಿಗೆ ಕುಸಿದಿತ್ತು. ನೆಲದೊಳಗೆ ಒಂದೂವರೆ ಮೀಟರ್ ಹೂತುಹೋಗಿದ್ದೇನೆ ಎಂದು ಡ್ರೋನ್ ನಂಬಿದ ಆ ಕ್ಷಣದಲ್ಲಿ ಕಂಟ್ರೋಲರ್ ಇನ್ನಷ್ಟು ಥ್ರಾಟಲ್ ಕೊಡುತ್ತದೆ, ಥ್ರಾಟಲ್ ಹೆಚ್ಚಿದಷ್ಟೂ ಒತ್ತಡ ಹೆಚ್ಚುತ್ತದೆ, ಡ್ರೋನ್ ಚಂಗನೆ ನೆಗೆಯುತ್ತದೆ. ಇಳಿಯುವಾಗಲೂ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ: ನೆಲ ಹತ್ತಿರವಾದಂತೆ, ನಾನು ಬಹಳ ವೇಗವಾಗಿ ಬೀಳುತ್ತಿದ್ದೇನೆ ಎಂದುಕೊಂಡು ಡ್ರೋನ್ ಒಂದಡಿ ಎತ್ತರದಲ್ಲಿ ತೇಲಾಡುತ್ತಾ ನಿಲ್ಲುತ್ತದೆ.

ಇದಕ್ಕೆ ಎಲ್ಲರೂ ಮೊದಲು ಹೇಳುವ ಮದ್ದು ಸ್ಪಂಜು. ಬ್ಯಾರೋಮೀಟರಿನ ಮೇಲೆ ಗಾಳಿಯಾಡುವ ಸ್ಪಂಜಿನ ಒಂದು ಸಣ್ಣ ತುಂಡು ಇಡಬೇಕೆಂಬುದು ನಿಜ, ಮತ್ತು ಅದಕ್ಕೆ ಎರಡು ಒಳ್ಳೆಯ ಕಾರಣಗಳಿವೆ. ಗಾಳಿಯ ಚಿಕ್ಕ ಚಿಕ್ಕ ಸುಳಿಗಳು ತರುವ ಕ್ಷಿಪ್ರ ಏರಿಳಿತವನ್ನು ಅದು ತಗ್ಗಿಸುತ್ತದೆ; ಎಂಎಸ್5611ರಂತಹ ಸೆನ್ಸರ್‌ಗಳ ತೂತಿನೊಳಗೆ ಬಿಸಿಲು ಬಿದ್ದರೆ ಎತ್ತರದ ಅಂಕಿ ಒಮ್ಮೆಲೇ ಜಿಗಿಯುವುದುಂಟು, ಅದನ್ನೂ ತಡೆಯುತ್ತದೆ. ಆದರೆ ಒಂದು ಜಾಗದಲ್ಲಿ ನಿರಂತರವಾಗಿ ಹತ್ತು ಪ್ಯಾಸ್ಕಲ್ ಹೆಚ್ಚಿನ ಒತ್ತಡ ನಿಂತಿದ್ದರೆ, ಗಾಳಿಯಾಡುವ ಸ್ಪಂಜಿನ ಒಳಗೂ ಕ್ಷಣಾರ್ಧದಲ್ಲಿ ಅದೇ ಹತ್ತು ಪ್ಯಾಸ್ಕಲ್ ಬಂದು ನಿಲ್ಲುತ್ತದೆ. ನಮ್ಮ ಡ್ರೋನಿಗೆ ಸ್ಪಂಜು ಹಾಕಿದ ಬಳಿಕ ಅಂಕಿಯ ನಡುಕ ಅರ್ಧಕ್ಕಿಂತ ಕಡಿಮೆಯಾಯಿತು, ಆದರೆ ಏರುವ ಮುನ್ನಿನ ಕುಸಿತ 1.4ರಿಂದ 1.3ಕ್ಕೆ ಬಂದಿತು, ಅಷ್ಟೇ. ಸ್ಪಂಜು ಹಾಕಿ ಕೆಲಸ ಮುಗಿಯಿತೆಂದು ಕುಳಿತವರನ್ನು ನಾನು ಬಹಳ ಕಂಡಿದ್ದೇನೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಿಂತ ಒತ್ತಡವನ್ನು ಕಡಿಮೆ ಮಾಡಲು ತೂತಿನ ಜಾಗವನ್ನೇ ಬದಲಿಸಬೇಕು. ನಮ್ಮ ಕಂಟ್ರೋಲರಿನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳದ ಕೆಳಗಡೆ ದೊಡ್ಡದೊಂದು ಸಂದಿ ನೆಲಕ್ಕೆ ಮುಖ ಮಾಡಿಕೊಂಡು ತೆರೆದಿತ್ತು, ಆ ಮೆತ್ತೆಯ ಒತ್ತಡ ನೇರವಾಗಿ ಅಲ್ಲಿಂದಲೇ ಒಳಗೆ ಬರುತ್ತಿತ್ತು. ಅದನ್ನು ಮುಚ್ಚಿ, ನಾಲ್ಕು ಪಕ್ಕದ ಗೋಡೆಗಳಲ್ಲಿ ಎದುರುಬದುರಾಗಿ ಎರಡು ಮಿಲಿಮೀಟರಿನ ಒಂದೊಂದು ತೂತು ಕೊರೆದೆವು. ಒಂದು ಕಡೆಯಿಂದ ಗಾಳಿ ನುಗ್ಗಿದರೆ ಎದುರಿನ ತೂತಿನಲ್ಲಿ ಹೀರಿಕೆ ಉಂಟಾಗಿ ಎರಡೂ ಬಹುಮಟ್ಟಿಗೆ ಸರಿದೂಗುತ್ತವೆ. ಇಷ್ಟರಿಂದಲೇ ಕುಸಿತ 1.3ರಿಂದ 0.6 ಮೀಟರಿಗೆ ಇಳಿಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಾಳಿಯ ಕಾಟವೇ ಬೇಡವೆಂದು ಪೆಟ್ಟಿಗೆಯನ್ನು ಪೂರ್ತಿ ಬಿಗಿಯಾಗಿ ಮುಚ್ಚುವ ಆಲೋಚನೆ ಕೆಲವರಿಗೆ ಬರುತ್ತದೆ. ಹಾಗೆ ಮುಚ್ಚಿದರೆ ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದಾಗ ಅದರ ಒತ್ತಡ ಮುನ್ನೂರರಲ್ಲಿ ಒಂದು ಭಾಗ, ಅಂದರೆ ಸುಮಾರು 300 ಪ್ಯಾಸ್ಕಲ್ ಏರುತ್ತದೆ. ಅದು ಇಪ್ಪತ್ತೊಂಬತ್ತು ಮೀಟರ್ ಎತ್ತರಕ್ಕೆ ಸಮ! ಪೆಟ್ಟಿಗೆ ಹೊರಗಿನ ಗಾಳಿಯೊಡನೆ ಸದಾ ಉಸಿರಾಡುತ್ತಿರಲೇಬೇಕು.

ಈಗ ಮೊದಲು ಹೇಳಿದ ಆ ನಾಲ್ಕು ನಿಮಿಷದ ಇಳಿತಕ್ಕೆ ಬರುತ್ತೇನೆ. ಪ್ರೊಪೆಲರ್ ಗಾಳಿಯ ತಪ್ಪು ಥ್ರಾಟಲಿನ ಜೊತೆಗೇ ಬರುತ್ತದೆ, ಥ್ರಾಟಲಿನ ಜೊತೆಗೇ ಹೋಗುತ್ತದೆ. ಒಂದೇ ಥ್ರಾಟಲಿನಲ್ಲಿ ನಿಂತಿರುವ ಡ್ರೋನನ್ನು ಅದು ನಿಮಿಷಗಟ್ಟಲೆ ನಿಧಾನವಾಗಿ ಕೆಳಗಿಳಿಸಲಾರದು. ಲಾಗ್‌ನಲ್ಲಿ `BARO` ಸಂದೇಶದ `Temp` ಗೆರೆಯನ್ನು ಬಿದಿರಿನ ಪಕ್ಕದಲ್ಲಿ ಕಂಡ ಇಳಿತದ ಜೊತೆ ಇಟ್ಟು ನೋಡಿದಾಗ ಉತ್ತರ ಸಿಕ್ಕಿತು. ಹಾರುವ ಮೊದಲು ನಾವು ಉಪಗ್ರಹಗಳಿಗಾಗಿ ಕಾಯುತ್ತಾ ಹತ್ತು ನಿಮಿಷ ನೆಲದ ಮೇಲೆ ಡ್ರೋನ್ ಚಾಲೂ ಇಟ್ಟಿದ್ದೆವು. ಪ್ರೊಸೆಸರ್ ಮತ್ತು ವಿಡಿಯೋ ಟ್ರಾನ್ಸ್‌ಮಿಟರಿನ ಬಿಸಿಗೆ ಬ್ಯಾರೋಮೀಟರ್ 51 ಡಿಗ್ರಿಗೆ ಏರಿ ಕೂತಿತ್ತು. ಹಾರಿದ ಕೂಡಲೇ ಪ್ರೊಪೆಲರ್‌ಗಳ ಗಾಳಿ ಇಡೀ ಬೋರ್ಡನ್ನು ತಂಪು ಮಾಡತೊಡಗಿತು. ನಾಲ್ಕು ನಿಮಿಷದಲ್ಲಿ ಅದು 39 ಡಿಗ್ರಿಗೆ ಇಳಿಯಿತು. ನಮ್ಮ ಸೆನ್ಸರ್ ಬಿಎಂಪಿ280. ಅದರ ಡೇಟಾಶೀಟ್ ಪ್ರತಿ ಡಿಗ್ರಿಗೆ 1.5 ಪ್ಯಾಸ್ಕಲ್‌ವರೆಗಿನ ತಪ್ಪನ್ನು ಒಪ್ಪಿಕೊಳ್ಳುತ್ತದೆ. ನಮ್ಮ ಬೋರ್ಡಿನಲ್ಲಿ ಆಮೇಲೆ ಅಳೆದಾಗ ಅದು 1.4 ಇತ್ತು, ಬಿಸಿಯಾದಷ್ಟೂ ಒತ್ತಡ ಹೆಚ್ಚಾಗಿ ತೋರುವ ದಿಕ್ಕಿನಲ್ಲಿ. ಹನ್ನೆರಡು ಡಿಗ್ರಿ ತಂಪಾದರೆ ಸುಮಾರು 17 ಪ್ಯಾಸ್ಕಲ್ ಕಡಿಮೆ ತೋರುತ್ತದೆ. ಡ್ರೋನಿಗೆ ತಾನು 1.6 ಮೀಟರ್ ಮೇಲೆ ಹೋದಂತೆ ಕಾಣುತ್ತದೆ, ಅದು 1.6 ಮೀಟರ್ ಕೆಳಗೆ ಬರುತ್ತದೆ. ಬಿದಿರಿನ ಪಕ್ಕದಲ್ಲಿ ನಾವು ಕಂಡದ್ದು ಇದನ್ನೇ.

ಎರಡು ತಪ್ಪುಗಳ ಮೂಲ ಒಂದೇ ಗಾಳಿ ಎಂಬುದನ್ನು ಗಮನಿಸಬೇಕು. ಅದೇ ಪ್ರೊಪೆಲರ್ ಗಾಳಿ ಒಂದು ಸೆಕೆಂಡಿನೊಳಗೆ ಒತ್ತಡದ ತಪ್ಪನ್ನೂ, ಮುಂದಿನ ನಾಲ್ಕೈದು ನಿಮಿಷಗಳಲ್ಲಿ ಉಷ್ಣಾಂಶದ ತಪ್ಪನ್ನೂ ತರುತ್ತದೆ. ಮೊದಲನೆಯದು ಥ್ರಾಟಲಿನ ಗೆರೆಯಾದ `CTUN` ಸಂದೇಶದ `ThO` ಜೊತೆ ಏರಿಳಿಯುತ್ತದೆ, ಎರಡನೆಯದು `Temp` ಜೊತೆ. ಇವನ್ನು ಬೇರ್ಪಡಿಸದೆ ಒಟ್ಟು ತಪ್ಪಿಗೆ ಒಂದೇ ಮದ್ದು ಹುಡುಕಿದರೆ, ಒಂದು ದಿನ ಸರಿಹೋದದ್ದು ಮರುದಿನ ಕೆಡುತ್ತದೆ, ಏಕೆಂದರೆ ಮರುದಿನ ನೆಲದ ಮೇಲೆ ಕಾದ ಸಮಯ ಬೇರೆಯಾಗಿರುತ್ತದೆ.

ಉಷ್ಣಾಂಶದ ತಪ್ಪನ್ನು ಅಳೆಯುವುದು ಮನೆಯಲ್ಲೇ ಆಗುವ ಕೆಲಸ. ಪ್ರೊಪೆಲರ್‌ಗಳನ್ನು ಕಳಚಿ, ಕಂಟ್ರೋಲರನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಚೀಲದ ಬಾಯಿ ಸಡಿಲ ಬಿಟ್ಟು, ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಬೇಕು. ಸಿಲಿಕಾ ಜೆಲ್ ಇಲ್ಲದಿದ್ದರೆ ಹೊರತೆಗೆದ ಕೂಡಲೇ ಸೆನ್ಸರಿನ ಮೇಲೆ ಇಬ್ಬನಿಯಂತೆ ನೀರು ಕಟ್ಟುತ್ತದೆ, ಅಳತೆ ಹಾಳಾಗುತ್ತದೆ. ಚೀಲದ ಸಮೇತ ಹೊರತೆಗೆದು ಮೇಜಿನ ಮೇಲಿಟ್ಟು ಚಾಲೂ ಮಾಡಿದರೆ ಅದು ತನ್ನದೇ ಬಿಸಿಯಿಂದ ನಿಧಾನವಾಗಿ 50 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಫ್ಯಾನ್ ನಿಲ್ಲಿಸಿರಬೇಕು, ಕಿಟಕಿ ಬಾಗಿಲು ತೆರೆದು ಮುಚ್ಚಬಾರದು. ಬಾಗಿಲು ಬಡಿದರೂ ಕೋಣೆಯ ಒತ್ತಡ ಹಲವು ಪ್ಯಾಸ್ಕಲ್ ಅಲುಗುತ್ತದೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ಎರಡನೆಯ ಬ್ಯಾರೋಮೀಟರ್. ಬಹಳ ಹೊತ್ತಿನಿಂದ ಚಾಲೂ ಇದ್ದು ಒಂದೇ ಉಷ್ಣಾಂಶದಲ್ಲಿ ನಿಂತ ಇನ್ನೊಂದು ಸೆನ್ಸರನ್ನು ಅದೇ ಮೇಜಿನ ಮೇಲಿಟ್ಟು, ಎರಡರ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊರಗಿನ ಗಾಳಿಯ ಒತ್ತಡ ಬೋರ್ಡ್ ಬಿಸಿಯಾಗುವ ಆ ಮುಕ್ಕಾಲು ಗಂಟೆಯಲ್ಲಿ ತಾನಾಗಿಯೇ ಬದಲಾಗುತ್ತಿರುತ್ತದೆ, ಅದು ಎರಡರಲ್ಲೂ ಒಂದೇ ಆಗಿರುವುದರಿಂದ ಕಳೆದುಹೋಗುತ್ತದೆ. ಲೆಕ್ಕ ಚಿಕ್ಕದು:

```python
d = p_test - p_ref
k = numpy.polyfit(T - 35, d, 2)
p_ok = p_test - numpy.polyval(k, T - 35)
```

ಇಲ್ಲಿ `T` ಪರೀಕ್ಷೆಯಲ್ಲಿರುವ ಸೆನ್ಸರ್ ತಾನೇ ಹೇಳುವ ಉಷ್ಣಾಂಶ. ಎರಡು ಸೆನ್ಸರ್‌ಗಳ ನಡುವೆ ಮೊದಲಿನಿಂದಲೇ ಇರುವ ಸ್ಥಿರ ಅಂತರವೂ `k`ಯಲ್ಲಿ ಸೇರಿಕೊಳ್ಳುತ್ತದೆ. ಡ್ರೋನ್ ಎತ್ತರವನ್ನು ಹಾರಿದ ಜಾಗದಿಂದ ಅಳೆಯುವುದರಿಂದ ಅದರಿಂದ ತೊಂದರೆಯಿಲ್ಲ. ಎರಡನೆಯ ಘಾತದ ವಕ್ರರೇಖೆಗಿಂತ ಮೇಲಕ್ಕೆ ಹೋಗುವುದು ಬೇಡ. ಹೆಚ್ಚಿನ ಘಾತದ ರೇಖೆ ಅಳತೆ ಮಾಡಿದ ವ್ಯಾಪ್ತಿಯೊಳಗೆ ಚೆನ್ನಾಗಿ ಕೂರುತ್ತದೆ, ಆದರೆ ಏಪ್ರಿಲ್ ಬಿಸಿಲಿನಲ್ಲಿ ಬೋರ್ಡ್ ಆ ವ್ಯಾಪ್ತಿ ದಾಟಿದರೆ ಎಲ್ಲಿಗೋ ಹಾರಿಹೋಗುತ್ತದೆ. ಫ್ಲೈಟ್ ಕಂಟ್ರೋಲರಿನ ತಂತ್ರಾಂಶವಾಗಿ ಆರ್ಡುಪೈಲಟ್ ಬಳಸುವವರಿಗೆ `TCAL_ENABLED` ಎಂಬ ಸಿದ್ಧ ಏರ್ಪಾಡಿದೆ, ಪಿಎಕ್ಸ್4ರಲ್ಲೂ ಉಷ್ಣಾಂಶದ ತಿದ್ದುಪಡಿಯ ವ್ಯವಸ್ಥೆ ಇದೆ. ಆದರೂ ಒಮ್ಮೆ ಕೈಯಾರೆ ಲೆಕ್ಕ ಮಾಡಿ ರೇಖೆಯನ್ನು ಕಣ್ಣಿನಿಂದ ನೋಡಬೇಕೆಂದು ನಾನು ಹೇಳುತ್ತೇನೆ.

ಈ ತಿದ್ದುಪಡಿಗೂ ಮಿತಿಯಿದೆ. ನಿಧಾನವಾಗಿ ಬಿಸಿಯಾಗುವಾಗ ಬರೆದ ರೇಖೆ, ಹಾರಿದ ಮೊದಲ ನಿಮಿಷದಲ್ಲಿ ಸರಕ್ಕನೆ ತಂಪಾಗುವಾಗ ಅಷ್ಟೊಂದು ಸರಿಯಾಗಿ ಹೊಂದುವುದಿಲ್ಲ, ಏಕೆಂದರೆ ಸೆನ್ಸರಿನ ಒಳಗಿನ ಉಷ್ಣಾಂಶ ಎಲ್ಲ ಕಡೆಯೂ ಒಂದೇ ಸಮನಾಗಿ ಬದಲಾಗುವುದಿಲ್ಲ. ಆದ್ದರಿಂದ ಬದಲಾವಣೆಯನ್ನೇ ನಿಧಾನ ಮಾಡುವುದು ಒಳ್ಳೆಯದು. ನಾವು ವಿಡಿಯೋ ಟ್ರಾನ್ಸ್‌ಮಿಟರನ್ನು ಕಂಟ್ರೋಲರಿನ ಕೆಳಗಿನಿಂದ ತೆಗೆದು ಹಿಂದಿನ ತೋಳಿಗೆ ಕಟ್ಟಿದೆವು. ಹತ್ತು ನಿಮಿಷ ಕಾದರೂ ಬೋರ್ಡ್ 44 ಡಿಗ್ರಿ ದಾಟಲಿಲ್ಲ. ಆಗ ಹನ್ನೆರಡು ಡಿಗ್ರಿಯ ಕುಸಿತ ಆರಕ್ಕೆ ಇಳಿಯಿತು. ಹೊಸದಾಗಿ ಬೋರ್ಡ್ ಕೊಳ್ಳುವವರು ಸೆನ್ಸರಿನ ಹೆಸರನ್ನೂ ನೋಡಲಿ: ಬಿಎಂಪಿ388ರ ಡೇಟಾಶೀಟ್ ಡಿಗ್ರಿಗೆ 0.75 ಪ್ಯಾಸ್ಕಲ್ ಎನ್ನುತ್ತದೆ, ಡಿಪಿಎಸ್310ರದ್ದು 0.5 ಎನ್ನುತ್ತದೆ.

ಉಷ್ಣಾಂಶ ಸರಿಯಾದ ಮೇಲಷ್ಟೇ ಥ್ರಾಟಲಿನ ಉಳಿದ ತಪ್ಪಿಗೆ ಕೈಹಾಕಬೇಕು. ಬೋರ್ಡಿನ ಉಷ್ಣಾಂಶ ಒಂದು ಮಟ್ಟಕ್ಕೆ ಬರುವಷ್ಟು ಹೊತ್ತು ಹಾರಿಸಿ, ನೆಲದಿಂದ ನಾಲ್ಕು ಮೀಟರಿಗಿಂತ ಮೇಲೆ ಡ್ರೋನನ್ನು ನೇರವಾಗಿ ಬೇರೆ ಬೇರೆ ಚುರುಕಿನಲ್ಲಿ ಏರಿಸಿ ಇಳಿಸಿ, ಬ್ಯಾರೋಮೀಟರ್ ಎತ್ತರದಿಂದ ಲೈಡಾರ್ ಎತ್ತರವನ್ನು ಕಳೆದು, ಉಳಿದದ್ದನ್ನು `ThO` ಎದುರು ಚುಕ್ಕೆಗಳಾಗಿ ಹಾಕಿದರೆ ಬಹುಮಟ್ಟಿಗೆ ಒಂದು ಸರಳರೇಖೆ ಕಾಣುತ್ತದೆ. ಮೀಟರಿನಲ್ಲಿ ಸಿಗುವ ಅದರ ಓರೆಯನ್ನು ρ · g ಯಿಂದ ಗುಣಿಸಿದರೆ ಥ್ರಾಟಲಿಗೆ ಎಷ್ಟು ಪ್ಯಾಸ್ಕಲ್ ಎಂಬ ಲೆಕ್ಕ ಸಿಗುತ್ತದೆ. ಆರ್ಡುಪೈಲಟ್‌ನ ಹೊಸ ಆವೃತ್ತಿಗಳಲ್ಲಿ ಇದನ್ನು `BARO1_THST_SCALE` ಎಂಬಲ್ಲಿ ಪ್ಯಾಸ್ಕಲ್‌ಗಳಲ್ಲಿ ಕೊಡಬಹುದು. ಕೊಟ್ಟ ಬಳಿಕ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಓರೆ ಕಡಿಮೆಯಾಯಿತೇ ಎಂದು ನೋಡಲೇಬೇಕು, ಏಕೆಂದರೆ ಚಿಹ್ನೆ ತಪ್ಪಿದರೆ ತಪ್ಪು ಎರಡರಷ್ಟಾಗುತ್ತದೆ. ಚುಕ್ಕೆಗಳು ರೇಖೆಯಾಗದೆ ಚದುರಿದ್ದರೆ, ತೂತು ಇನ್ನೂ ಗಾಳಿಯ ಹಾದಿಯಲ್ಲಿದೆ ಎಂದರ್ಥ, ಲೆಕ್ಕ ಬಿಟ್ಟು ಮತ್ತೆ ಮುಚ್ಚಳದ ಕಡೆಗೇ ಹೋಗಬೇಕು.

ನೆಲದ ಹತ್ತಿರದ ಮೆತ್ತೆಗೆ ಈ ಸರಳರೇಖೆ ಸಾಲದು. ಅದಕ್ಕಾಗಿ ಎಲ್ಲ ಸೆನ್ಸರ್‌ಗಳ ಮಾತನ್ನು ಬೆಸೆದು ಎತ್ತರ ಅಂದಾಜಿಸುವ ಆರ್ಡುಪೈಲಟ್‌ನ ಇಕೆಎಫ್‌ನಲ್ಲಿ `EK3_GND_EFF_DZ` ಇದೆ: ಏರುವ ಮತ್ತು ಇಳಿಯುವ ಹೊತ್ತಿನಲ್ಲಿ ಬ್ಯಾರೋಮೀಟರ್ ಕೆಳಮುಖವಾಗಿ ಕುಸಿದರೆ, ಇಷ್ಟು ಮೀಟರಿನವರೆಗೆ ಅದನ್ನು ನಂಬಬೇಡ ಎಂದು ಹೇಳುವ ಅಂಕಿ. ಇದರ ಮೂಲ ಬೆಲೆ ನಾಲ್ಕು ಮೀಟರ್. ಏರುವ ಮುನ್ನ ಕಾಣುವ ಕುಸಿತಕ್ಕಿಂತ ಅರ್ಧ ಮೀಟರ್ ಕಡಿಮೆ ಇಡಬೇಕೆಂಬುದು ಅದರ ಸೂಚನೆ. ಮುಚ್ಚಳ ತಿದ್ದುವ ಮೊದಲು ನಮಗೆ 0.8 ಬೇಕಾಗಿತ್ತು, ತಿದ್ದಿದ ಮೇಲೆ 0.1 ಸಾಕಾಯಿತು. ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು, ಏಕೆಂದರೆ ಆ ಅಂತರದೊಳಗೆ ಡ್ರೋನ್ ನಿಜವಾಗಿ ಬೀಳುತ್ತಿದ್ದರೂ ಬ್ಯಾರೋಮೀಟರಿನ ಮಾತು ಕೇಳಿಸುವುದಿಲ್ಲ.

ಸಭೆಯಲ್ಲಿ ಒಬ್ಬರು ಕೇಳಿದರು: ಇಷ್ಟೆಲ್ಲ ಏಕೆ ಸರ್, ಲೈಡಾರನ್ನೇ ಎತ್ತರಕ್ಕೆ ಬಳಸಿದರೆ ಆಗದೇ? ಸಮತಟ್ಟಾದ ಮೈದಾನದಲ್ಲಿ, ಅದು ಮುಟ್ಟುವ ದೂರದೊಳಗೆ, ಖಂಡಿತ ಆಗುತ್ತದೆ. ಆದರೆ ಅಡಿಕೆ ತೋಟದ ಮೇಲೆ ಅದು ಒಮ್ಮೆ ಹೆಡಲನ್ನೂ ಒಮ್ಮೆ ನೆಲವನ್ನೂ ಅಳೆಯುತ್ತದೆ, ನೀರು ನಿಂತ ಗದ್ದೆಯ ಮೇಲೆ ಬೆಳಕು ಸರಿಯಾಗಿ ಮರಳಿ ಬರುವುದಿಲ್ಲ. ಅಲ್ಲೆಲ್ಲ ಬ್ಯಾರೋಮೀಟರೇ ಗತಿ. ಬ್ಯಾರೋಮೀಟರನ್ನು ಕಡಿಮೆ ನಂಬಿ ಅಕ್ಸೆಲೆರೋಮೀಟರನ್ನು ಹೆಚ್ಚು ನಂಬುವಂತೆ ಮಾಡಬಹುದಲ್ಲ ಎಂದು ಇನ್ನೊಬ್ಬರು ಕೇಳಿದರು. `EK3_ALT_M_NSE` ಹೆಚ್ಚಿಸಿದರೆ ಕ್ಷಣಿಕ ನಡುಕ ಮರೆಯಾಗುತ್ತದೆ ನಿಜ, ಆದರೆ ಅಕ್ಸೆಲೆರೋಮೀಟರಿನ ಸಣ್ಣ ತಪ್ಪು ಎರಡು ಬಾರಿ ಸಂಕಲನಗೊಂಡು ಸೆಕೆಂಡುಗಳಲ್ಲೇ ಮೀಟರ್‌ಗಳಾಗುತ್ತದೆ. ನಿಮಿಷಗಟ್ಟಲೆ ನಡೆಯುವ ಉಷ್ಣಾಂಶದ ಇಳಿತದಲ್ಲಿ ಕೊನೆಗೆ ಗೆಲ್ಲುವುದು ಬ್ಯಾರೋಮೀಟರಿನ ಮಾತೇ.

ಸೆನ್ಸರನ್ನು ಎಷ್ಟೇ ತಿದ್ದಿದರೂ ಹೋಗದ ಎರಡು ತಪ್ಪುಗಳಿವೆ. ಒಂದು, ಒತ್ತಡವನ್ನು ಎತ್ತರವಾಗಿಸುವ ಸೂತ್ರ ಸಮುದ್ರಮಟ್ಟದಲ್ಲಿ 15 ಡಿಗ್ರಿ ಇರುವ ಗಾಳಿಯನ್ನು ಊಹಿಸಿಕೊಂಡದ್ದು. ಆ ಲೆಕ್ಕದಲ್ಲಿ ಬೆಂಗಳೂರಿನ ಎತ್ತರದಲ್ಲಿ 9 ಡಿಗ್ರಿ ಇರಬೇಕು. ಹೊರಗೆ 30 ಡಿಗ್ರಿ ಇರುವ ದಿನ, ಹೊರಗಿನ ಉಷ್ಣಾಂಶಕ್ಕೆ ತಕ್ಕ ತಿದ್ದುಪಡಿ ಇಲ್ಲದ ವ್ಯವಸ್ಥೆಯಲ್ಲಿ, ಎತ್ತರ ಶೇಕಡಾ 7ರಷ್ಟು ಕಡಿಮೆಯಾಗಿ ಕಾಣುತ್ತದೆ. 115 ಮೀಟರ್ ಎಂದು ತೋರಿದಾಗ ಡ್ರೋನ್ 123 ಮೀಟರಿನಲ್ಲಿದ್ದು, ಡ್ರೋನ್ ನಿಯಮಗಳು ಹೇಳುವ ಹಸಿರು ವಲಯದ 120 ಮೀಟರ್ ಮಿತಿಯನ್ನು ದಾಟಿರುತ್ತದೆ. ಇನ್ನೊಂದು, ನಮ್ಮ ಉಷ್ಣವಲಯದ ಗಾಳಿಯ ದೈನಂದಿನ ಏರಿಳಿತ. ಇಲ್ಲಿ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ತುದಿ ಮುಟ್ಟಿ, ಸಂಜೆ ನಾಲ್ಕರ ಹೊತ್ತಿಗೆ ಮೂರು, ನಾಲ್ಕು ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ನಡುಮಧ್ಯಾಹ್ನದಲ್ಲಿ ಇಪ್ಪತ್ತು ನಿಮಿಷ ಹಾರಿದರೆ ಇದೊಂದರಿಂದಲೇ ಡ್ರೋನ್ ಒಂದೂವರೆಯಿಂದ ಎರಡು ಮೀಟರ್ ಕೆಳಗೆ ಬರುತ್ತದೆ. ನೆಲದ ಮೇಲೆ ನೆರಳಿನಲ್ಲಿ ಇನ್ನೊಂದು ಬ್ಯಾರೋಮೀಟರ್ ಇಟ್ಟು ಅದರ ಬದಲಾವಣೆಯನ್ನು ಕಳೆಯುವುದೊಂದೇ ಇದಕ್ಕೆ ದಾರಿ.

ನಮ್ಮ ಎಲ್ಲ ಪರೀಕ್ಷೆಗಳನ್ನೂ ಬೆಳಿಗ್ಗೆ ಹತ್ತರ ಆಸುಪಾಸಿನಲ್ಲೇ ಮಾಡಿದ್ದು ಈ ಕಾರಣಕ್ಕೆ. ಆ ಹೊತ್ತಿನಲ್ಲಿ ಒತ್ತಡ ಬಹುತೇಕ ನಿಂತಿರುತ್ತದೆ. ಮುಚ್ಚಳ ತಿದ್ದಿ, ಟ್ರಾನ್ಸ್‌ಮಿಟರ್ ಸರಿಸಿ, ಉಷ್ಣಾಂಶದ ರೇಖೆ ಹಾಕಿದ ಮೇಲೆ ಅದೇ ಮೈದಾನದಲ್ಲಿ, ಅದೇ ಹೊತ್ತಿನಲ್ಲಿ, ಅದೇ ನಾಲ್ಕು ನಿಮಿಷ ಹಾರಿಸಿದೆವು. ಬಿದಿರಿನ ಎಂಟನೆಯ ಟೇಪಿನ ಎದುರು ನಿಂತ ಡ್ರೋನ್ ಕೊನೆಗೆ ಅದಕ್ಕಿಂತ ಒಂದು ಗೇಣು ಕೆಳಗಿತ್ತು, ಲೈಡಾರ್ 3.8 ಮೀಟರ್ ತೋರಿಸುತ್ತಿತ್ತು.